ನೀರು ಹರಿಸಲಾಗುವು… : ‘ಇಲ್ಲ’ ಎನ್ನುವ ಪದ ಎರಡನೇ ಎಸ್ಸೆಮ್ಮೆಸ್‌ಗೆ ಹೋದ ಪ್ರಕರಣ

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹುಟ್ಟಿ ಗಂಗಾವತಿ, ಸಿಂಧನೂರು ದಾಟಿ ಮಾನ್ವಿ ಕಡೆ ಬರುವಷ್ಟರಲ್ಲಿ ನೀರು ಸೊರಗಿರುತ್ತದೆ. ಕೊನೆಭಾಗದ ರೈತರಿಗೆ ಪಾಳಿ ಮೇಲೆ ನೀರು. ಪಾಳಿ ಯಾವತ್ತು, ಎಷ್ಟು ಗಂಟೆಗೆ, ಅದು ಬದಲಾಯಿತಾ ಇಲ್ಲವಾ ಅನ್ನೋದೇ ಇಲ್ಲಿ ದಿನದ ಸುದ್ದಿ. ನಾನು ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ, ಸಣ್ಣಪುಟ್ಟ ಸ್ಕ್ರಿಪ್ಟ್ ಕೆಲಸ ಮಾಡುವವನು. ಮಾನ್ವಿ ಕಡೆಯ ಒಂದು ನೀರು ಬಳಕೆದಾರರ ಸಂಘದವರು ಬಂದು, ವಾಟ್ಸಾಪ್ ಗ್ರೂಪ್ ಇದೆ, ಆದರೆ ಅರ್ಧಕ್ಕರ್ಧ ಜನರ ಕೈಯಲ್ಲಿ ಬಟನ್ ಫೋನು, ರಾತ್ರಿ ಹೊಲದಲ್ಲಿ ನೆಟ್ಟೂ ಇರುವುದಿಲ್ಲ, ಎಸ್ಸೆಮ್ಮೆಸ್‌ನಲ್ಲಿ ಏನಾದರೂ ಮಾಡಿಕೊಡಿ ಅಂದರು.

ಮಾಡಿದ್ದು ಇಷ್ಟೇ. ರೈತ ತನ್ನ ತೂಬಿನ ನಂಬರನ್ನು, ಉದಾಹರಣೆಗೆ 12 ಎಂದು, ಸಂಘದ ನಂಬರಿಗೆ ಕಳಿಸಬೇಕು. ಆಫೀಸಿನ ಹಳೇ ಆಂಡ್ರಾಯ್ಡ್ ಫೋನಿಗೆ ಅದು ಬರುತ್ತದೆ. ಸ್ಕ್ರಿಪ್ಟ್ ಪಾಳಿ ಪಟ್ಟಿ ನೋಡಿ ಉತ್ತರ ಸಿದ್ಧ ಮಾಡುತ್ತದೆ, ಆಫೀಸಿನ ಹುಡುಗ ಒಮ್ಮೆ ಕಣ್ಣಾಡಿಸಿ ಕಳಿಸುತ್ತಾನೆ. ಕೇಳಿದವರಿಗೆ ಮಾತ್ರ ಉತ್ತರ, ಸುಮ್ನೆ ಎಲ್ಲರಿಗೂ ಕಳಿಸುವುದಿಲ್ಲ. ಹಾಗೆ ಸಾವಿರಾರು ಜನರಿಗೆ ಒಟ್ಟಿಗೆ ಕಳಿಸಬೇಕಾದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ನೋಂದಣಿ, ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟು, ಅದು ಬೇರೆಯೇ ಸಂಸಾರ.

ಉತ್ತರದ ವಾಕ್ಯ ಬರೆದುಕೊಟ್ಟವರು ಸಂಘದ ಕಾರ್ಯದರ್ಶಿ. ಪಾಳಿ ಮುಂದಕ್ಕೆ ಹೋದಾಗ ಹೋಗಬೇಕಾದ ಉತ್ತರ ಇದು:

```
ಮಾನ್ಯ ರೈತರೇ, ನಿಮ್ಮ 12ನೇ ತೂಬಿಗೆ ಮಂಗಳವಾರ ರಾತ್ರಿ 9ರಿಂದ ನೀರು ಹರಿಸಲಾಗುವುದಿಲ್ಲ. ಬದಲಾಗಿ ಗುರುವಾರ ಬೆಳಿಗ್ಗೆ 6ರಿಂದ ನೀರು ಬರಲಿದೆ. ದಯವಿಟ್ಟು ಸಹಕರಿಸಿ. -ಕಾರ್ಯದರ್ಶಿ
```

ಓದಲು ಏನೂ ತೊಂದರೆ ಇಲ್ಲ, ಅಲ್ವಾ? ನನಗೂ ಹಾಗೇ ಅನಿಸಿತ್ತು. ಹಾಗೇ ಹಾಕಿದೆ.

ಮೊದಲ ವಾರದಲ್ಲೇ ಒಬ್ಬ ಹಿರಿಯರು ಬೆಳಿಗ್ಗೆ ಬೆಳಿಗ್ಗೆ ಆಫೀಸಿಗೆ ಬಂದರು. ಹಿಂದಿನ ರಾತ್ರಿ ಸಲಿಕೆ, ಟಾರ್ಚು ಹಿಡಿದುಕೊಂಡು ಹೋಗಿ ಹನ್ನೆರಡರ ತನಕ ತೂಬಿನ ಹತ್ತಿರ ಕೂತು ಬಂದಿದ್ದರು. ಕಾಲುವೆ ಒಣಗಿತ್ತು. ಫೋನು ತೆಗೆದು ತೋರಿಸಿದರು. “ನೋಡ್ರಿ, ನೀರು ಹರಿಸಲಾಗುವುದು ಅಂತ ನೀವೇ ಹಾಕೀರಲ್ರೀ.” ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ನೋಡಿದರು. ಪರದೆ ಮೇಲೆ ಇದ್ದದ್ದು ಇಷ್ಟು:

```
ಮಾನ್ಯ ರೈತರೇ, ನಿಮ್ಮ 12ನೇ ತೂಬಿಗೆ ಮಂಗಳವಾರ ರಾತ್ರಿ 9ರಿಂದ ನೀರು ಹರಿಸಲಾಗುವು
```

ಮುಂದಿನ ‘ದಿಲ್ಲ’ ಅವರ ಫೋನಿಗೆ ಬಂದೇ ಇರಲಿಲ್ಲ. ಇನ್‌ಬಾಕ್ಸ್ ತುಂಬಿತ್ತು. ಅಲ್ಲೇ ಕೂತು ಹಳೇ ಮೆಸೇಜು ನಾಲ್ಕು ಅಳಿಸಿದೆವು, ಸ್ವಲ್ಪ ಹೊತ್ತಿಗೆ ಉಳಿದ ತುಂಡುಗಳು ಟಣ್ ಟಣ್ ಎಂದು ಬಂದವು. ಅವರು ಓದಿದ್ದರಲ್ಲಿ ತಪ್ಪೇನಿಲ್ಲ. ‘ಹರಿಸಲಾಗುವು’ ಎಂದು ನಿಂತರೆ ಯಾರಾದರೂ ‘ದು’ ಸೇರಿಸಿಯೇ ಓದುತ್ತಾರೆ.

ಅದು ಅಲ್ಲೇ ಯಾಕೆ ಕತ್ತರಿಸಿತು ಎಂದು ಎಣಿಸಲು ಕೂತೆ. ಎಸ್ಸೆಮ್ಮೆಸ್ ಒಂದರಲ್ಲಿ ಹಿಡಿಸುವುದು 140 ಬೈಟು. ಇಂಗ್ಲಿಷ್ ಅಕ್ಷರ ಒಂದಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ. ಕನ್ನಡ ಬಂದ ಕೂಡಲೇ ಪ್ರತಿಯೊಂದು ಗುರುತಿಗೂ 16 ಬಿಟ್, ಅಂದರೆ 2 ಬೈಟು, ಹಾಗಾಗಿ 70. ಈ 70ನ್ನು ನಾನು ಮನೆ ಎನ್ನುತ್ತೇನೆ, ಚೌಕಾಬಾರದ ಮನೆಗಳ ಹಾಗೆ. 70 ದಾಟಿದರೆ ಮೆಸೇಜು ತುಂಡಾಗುತ್ತದೆ, ಯಾವ ತುಂಡು ಎಷ್ಟನೆಯದು ಎಂದು ಹೇಳಲು ಪ್ರತಿ ತುಂಡಿನ ತಲೆಗೆ 6 ಬೈಟು ಹೋಗುತ್ತದೆ, ಉಳಿಯುವುದು 67 ಮನೆ. ಎರಡು ತುಂಡಿಗೆ 134, ಮೂರಕ್ಕೆ 201.

ಇನ್ನು ಒಂದು ಮನೆಗೆ ಒಂದು ಅಕ್ಷರ ಎಂದುಕೊಂಡರೆ ಮೋಸ ಹೋದಿರಿ. ನಮ್ಮ ಕಣ್ಣಿಗೆ ‘ರಾತ್ರಿ’ ಎರಡೇ ಅಕ್ಷರ. ಫೋನಿಗೆ ಅದು ರ, ದೀರ್ಘ, ತ, ಒತ್ತಿಗೆ ಬೇಕಾದ ವಿರಾಮ, ರ, ಗುಡಿಸು, ಒಟ್ಟು 6. ಒತ್ತಕ್ಷರ ಬಂದಲ್ಲೆಲ್ಲ ಮನೆ ಜಾಸ್ತಿ ತಿನ್ನುತ್ತದೆ. ಇನ್ನೊಂದು ಕಳ್ಳ ಇದೆ, ಅದು ಕಣ್ಣಿಗೇ ಬೀಳುವುದಿಲ್ಲ. ನಮ್ಮ ಕಡೆ ಊರ ಹೆಸರಿನಲ್ಲಿ ಕ್ಯಾಂಪ್ ಜಾಸ್ತಿ. ‘ಕ್ಯಾಂಪ್‌ನ’ ಎಂದು ಬರೆಯುವಾಗ ಪ್ ಮತ್ತು ನ ಒಂದರ ಕೆಳಗೊಂದು ಸೇರಿಕೊಳ್ಳಬಾರದು ಎಂದು ನಡುವೆ ಒಂದು ಕಾಣದ ಗುರುತು ಹಾಕುತ್ತೇವಲ್ಲ, ಅದಕ್ಕೂ ಒಂದು ಮನೆ. ಕಣ್ಣಿಗೆ ಮೂರಕ್ಷರ, ಲೆಕ್ಕಕ್ಕೆ 9. ಮೊದಲ ಕರಡಿನಲ್ಲಿ ಕ್ಯಾಂಪಿನ ಹೆಸರೂ ಇತ್ತು. ತೂಬಿನ ನಂಬರು ಕಳಿಸಿದವನಿಗೆ ತನ್ನ ಊರು ಯಾವುದೆಂದು ಗೊತ್ತೇ ಇರುತ್ತದೆ, ಅದನ್ನು ಮತ್ತೆ ಹೇಳುವುದು ಯಾಕೆ ಎಂದು ಆಗಲೇ ತೆಗೆದಿದ್ದೆ, ಪುಣ್ಯ.

ಕಾರ್ಯದರ್ಶಿಯವರ ವಾಕ್ಯ ಎಣಿಸಿದರೆ ‘ನೀರು’ ಮುಗಿಯುವುದು 56ನೇ ಮನೆಗೆ. ‘ಹರಿಸಲಾಗುವುದಿಲ್ಲ’ 58ಕ್ಕೆ ಶುರುವಾಗಿ 72ಕ್ಕೆ ಮುಗಿಯುತ್ತದೆ. 67ನೇ ಮನೆಯಲ್ಲಿ ಕೂತಿರುವುದು ‘ವು’ವಿನ ಕೊಂಬು. ಕತ್ತರಿ ಅಲ್ಲಿಗೇ ಬಿತ್ತು. ‘ಸಹಕರಿಸಿ’ ಮುಂದಿನ ಚುಕ್ಕೆಗೆ ಸರಿಯಾಗಿ 134 ಮುಗಿಯುತ್ತದೆ, ಅಂದರೆ ಮೂರನೇ ತುಂಡಿನಲ್ಲಿ ‘-ಕಾರ್ಯದರ್ಶಿ’ ಎನ್ನುವ ಸಹಿ ಒಂದೇ ಸವಾರಿ ಮಾಡುತ್ತಿತ್ತು. ಅವರಿಗೆ ಹೇಳಿದೆ, ನಕ್ಕರು, ಸ್ವಲ್ಪ ಬೇಜಾರೂ ಆಯಿತು ಅನಿಸುತ್ತದೆ.

ಆ ಸಹಿಗೆ ಬೇರೆ ಬೆಲೆಯೂ ಇತ್ತು. ಫೋನಿನ ಪ್ಲಾನಿನಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್. ಲೆಕ್ಕ ತುಂಡಿನದು, ಮೆಸೇಜಿನದಲ್ಲ. ಒಬ್ಬರಿಗೆ ಮೂರು ತುಂಡಾದರೆ 33 ಜನಕ್ಕೆ ಮುಗಿಯಿತು, ಕೇಳುವವರು ಆಗಲೇ 50-60 ಮಂದಿ ಇದ್ದರು. ಮಧ್ಯಾಹ್ನದ ಮೇಲೆ ಉತ್ತರ ಯಾಕೆ ಹೋಗುತ್ತಿಲ್ಲ ಎಂದು ಎರಡು ದಿನ ನೆಟ್‌ವರ್ಕ್‌ಗೆ ಬೈಯ್ದಿದ್ದೆವು.

ಹಾಗಾದರೆ ಬರೀ ಚಿಕ್ಕದು ಮಾಡಿದರೆ ಸಾಕಾ? ನನ್ನ ಪ್ರಕಾರ ಸಾಲದು. ಉದ್ದಕ್ಕಿಂತ ದೊಡ್ಡ ತೊಂದರೆ ನಮ್ಮ ವಾಕ್ಯದ ಕಟ್ಟಿನಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರಲ್ಲೂ ಹೌದು ಅಲ್ಲ ಎನ್ನುವುದು ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ‘ಬಿಡುವುದು’ ಮತ್ತು ‘ಬಿಡುವುದಿಲ್ಲ’ ನಡುವೆ ವ್ಯತ್ಯಾಸ ಕೊನೆಯ ನಾಲ್ಕೈದು ಮನೆಯದು. ಮುಖಾಮುಖಿ ಮಾತಿನಲ್ಲಿ ಇದರಿಂದ ಏನೂ ಆಗುವುದಿಲ್ಲ, ಯಾರೂ ನಡುವೆ ಮಾತು ಕತ್ತರಿಸುವುದಿಲ್ಲ. ಎಸ್ಸೆಮ್ಮೆಸ್‌ನಲ್ಲಿ ಮಾತ್ರ ಕಳೆದುಹೋಗುವುದು, ತಡವಾಗುವುದು, ಸಣ್ಣ ಪರದೆಯಲ್ಲಿ ಕೆಳಗೆ ಇಳಿಸದೆ ಕಾಣದಿರುವುದು, ಎಲ್ಲವೂ ಬಾಲವೇ. ಹಾಗಾಗಿ ತೀರ್ಪು ಮೊದಲು, ವಿವರ ಆಮೇಲೆ ಎಂದು ವಾಕ್ಯವನ್ನೇ ತಿರುಗಿಸಿದೆ:

```
ತೂಬು 12 ನೀರಿಲ್ಲ: ಮಂಗಳವಾರ ರಾತ್ರಿ 9. ಬರುವುದು ಗುರುವಾರ ಬೆಳಿಗ್ಗೆ 6ಕ್ಕೆ
```

65 ಮನೆ, ಒಂದೇ ತುಂಡು. ‘ನೀರಿಲ್ಲ’ ಮುಗಿಯುವುದು 15ನೇ ಮನೆಗೆ, ಯಾವ ಫೋನಾದರೂ ಮೊದಲ ಸಾಲಿನಲ್ಲೇ ತೋರಿಸುತ್ತದೆ. ತೂಬಿನ ನಂಬರು ಅದಕ್ಕಿಂತ ಮೊದಲು ಯಾಕೆ ಎಂದು ಆಫೀಸಿನ ಹುಡುಗ ಕೇಳಿದ. ಇಲ್ಲಿ ಒಬ್ಬರೇ ಮೂರು ತೂಬಿನ ಹೊಲ ಮಾಡುವವರು ಇದ್ದಾರೆ, ಪಕ್ಕದವರ ಫೋನಿನಿಂದ ಕೇಳುವವರೂ ಇದ್ದಾರೆ. ಯಾವ ತೂಬು ಎಂದು ಗೊತ್ತಾಗದ ‘ನೀರಿಲ್ಲ’ ಇನ್ನೂ ಅಪಾಯ.

ನೀರು ಬರುವುದಾದರೆ ಮೊದಲು ‘ನೀರಿದೆ’ ಎಂದು ಹಾಕಿದ್ದೆ. ಬಟನ್ ಫೋನಿನ ಪರದೆಯಲ್ಲಿ ‘ನೀರಿದೆ’, ‘ನೀರಿಲ್ಲ’ ಎರಡನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ತೆಗೆದು ನೋಡಿ, ಎರಡೂ ಒಂದೇ ಥರ ಗುಂಡಗೆ ಕಾಣುತ್ತವೆ. ಅಷ್ಟು ಮುಖ್ಯವಾದ ಎರಡು ಪದ ಒಂದೇ ಮುಖ ಹೊತ್ತಿರಬಾರದು. ಇಲ್ಲಿ ಜಾಗ ಉಳಿಸುವ ಆಸೆ ಬಿಟ್ಟೆ:

```
ತೂಬು 12 ನೀರು ಬರುತ್ತದೆ: ಮಂಗಳವಾರ ರಾತ್ರಿ 9ರಿಂದ 3ರವರೆಗೆ
```

51 ಮನೆ. ಹೇಗೂ ಜಾಗ ಇತ್ತು.

‘ಮಾನ್ಯ’, ‘ದಯವಿಟ್ಟು ಸಹಕರಿಸಿ’ ತೆಗೆಯಲು ಕಾರ್ಯದರ್ಶಿ ಒಪ್ಪಲಿಲ್ಲ. ರೈತರಿಗೆ ಮರ್ಯಾದೆ ಕೊಡದ ಹಾಗೆ ಆಗುತ್ತದೆ, ಸಂಘದ ಹೆಸರು ಕೆಡುತ್ತದೆ ಅಂದರು. ಅವರ ಮಾತಿನಲ್ಲೂ ಅರ್ಥ ಇತ್ತು. ವಾದ ಮಾಡುವ ಬದಲು ಆ ಹಿರಿಯರಿಗೇ ಎರಡೂ ಓದಿಸಿದೆವು. ಚಿಕ್ಕದನ್ನು ನೋಡಿ, “ಇದು ಬರೋಬ್ಬರಿ ಐತಿ, ಮಾನ್ಯ ತಗೊಂಡು ನಾನೇನ್ ಮಾಡ್ಲಿ, ನೀರ್ ಯಾವಾಗ ಅದನ್ ಹೇಳ್ರಿ” ಅಂದರು. ಅಲ್ಲಿಗೆ ಮುಗಿಯಿತು.

ಮೊಟಕು ಮಾಡುವ ಚಟ ಹತ್ತಿದರೆ ಬಿಡುವುದಿಲ್ಲ, ನನಗೂ ಹತ್ತಿತು. ‘ಬೆಳಿಗ್ಗೆ’ ಒಂದಕ್ಕೇ 8 ಮನೆ ಹೋಗುತ್ತದೆ ಎಂದು ಎರಡು ದಿನ ‘ಬೆ. 6’ ಎಂದು ಕಳಿಸಿ ನೋಡಿದೆವು. ಒಬ್ಬರು ಫೋನ್ ಮಾಡಿ “ಬೆ ಅಂದ್ರ ಬೇಸ್ತವಾರೇನ್ರಿ?” ಎಂದು ಕೇಳಿದರು. ಬೇಸ್ತವಾರ ಅಂದರೆ ಗುರುವಾರ, ಅದರ ಪಕ್ಕದಲ್ಲೇ ‘ಗುರುವಾರ’ ಅಂತಲೂ ಇತ್ತು, ಆದರೂ ಕೇಳಿದರು. ಅವತ್ತಿನಿಂದ ಒಂದು ಕಟ್ಟು ಹಾಕಿಕೊಂಡೆ: ಪದವನ್ನು ತೆಗೆಯಬಹುದು, ಅರ್ಧ ಮಾಡಬಾರದು. ವಾರ ಮತ್ತು ಹೊತ್ತು ಪೂರ್ತಿ ಇರಬೇಕು. ಬೇಕಾದರೆ ಪದ ಬದಲಿಸಿಕೊಳ್ಳಿ. ‘ಭಾನುವಾರ’ಕ್ಕೆ 7 ಮನೆ, ನಮ್ಮ ಕಡೆ ಆಡುವ ‘ರವಿವಾರ’ಕ್ಕೆ 6. ‘ಬೆಳಿಗ್ಗೆ’ಗೆ 8, ‘ಮುಂಜಾನೆ’ಗೆ 7. ಬಾಯಲ್ಲಿ ಆಡುವ ಪದವೇ ಅಗ್ಗವಾದರೆ ಬೇಡ ಅನ್ನುವುದು ಯಾಕೆ.

ಎಣಿಕೆಗೆ ಬರೆದುಕೊಂಡ ಕೋಡು ಇಷ್ಟೇ:

```python
import unicodedata

def clean(s):
    return unicodedata.normalize("NFC", s)

def parts(s):
    n = len(s.encode("utf-16-be")) // 2
    return 1 if n <= 70 else -(-n // 67)
```

`clean` ಯಾಕೆ ಬೇಕಾಯಿತು ಎಂದರೆ, ಪಾಳಿ ಪಟ್ಟಿಯ ಕೆಲವು ಪದ ಹಳೇ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸಿದವು. ಅವುಗಳಲ್ಲಿ ‘ಸೋ’ದ ಓತ್ವ ಒಂದೇ ಗುರುತಾಗಿ ಇರಲಿಲ್ಲ, ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘದ ಗುರುತು ಎಂದು ಮೂರಾಗಿ ಒಡೆದಿತ್ತು. ಪರದೆಯಲ್ಲಿ ಎರಡೂ ಒಂದೇ, ಲೆಕ್ಕದಲ್ಲಿ ಎರಡು ಮನೆ ಜಾಸ್ತಿ. ನಾನು ಮೊದಲು ಎಣಿಸುವಾಗ ಮಾತ್ರ ಇದನ್ನು ಸರಿಮಾಡಿ, ಕಳಿಸುವಾಗ ಒಡೆದದ್ದನ್ನೇ ಕಳಿಸುತ್ತಿದ್ದೆ. ಸರಿಮಾಡಿದ ಪಠ್ಯವನ್ನೇ ಎಣಿಸಬೇಕು, ಅದನ್ನೇ ಕಳಿಸಬೇಕು. ಕೋಡು ಬರೆಯಲು ಬಾರದವರು ಫೋನಿನಲ್ಲೇ ನೋಡಬಹುದು: ಮೆಸೇಜು ಬರೆಯುತ್ತಾ ಹೋದರೆ ಬಹಳ ಆ್ಯಪ್‌ಗಳಲ್ಲಿ ಮೂಲೆಯಲ್ಲಿ ಉಳಿದ ಮನೆ ಎಷ್ಟು, ತುಂಡು ಎಷ್ಟು ಎಂದು ಬರುತ್ತದೆ.

65 ಇದೆ, 5 ಮನೆ ಕೈಯಲ್ಲಿದೆ ಎಂದು ಆರಾಮಾಗಿದ್ದೆ. ಒಂದು ಶುಕ್ರವಾರ ಆಫೀಸಿನ ಹುಡುಗ ಫೋನ್ ಮಾಡಿದ. “ಸರ್, ಒಬ್ಬರು ಬಂದಾರ, ನಿಮ್ಮ ಕಡಿಂದ ಬರೇ ‘ಕ್ಕೆ’ ಅಂತ ಮೆಸೇಜ್ ಬಂದೈತಿ, ಏನಿದು ಅಂತಾರ.” ನನಗೂ ಅರ್ಥವಾಗಲಿಲ್ಲ. ಕಳಿಸಿದ್ದನ್ನು ತೆಗೆದು ನೋಡಿದೆ:

```
ತೂಬು 12L ನೀರಿಲ್ಲ: ಶುಕ್ರವಾರ ಮಧ್ಯಾಹ್ನ 12. ಬರುವುದು ಭಾನುವಾರ ಮಧ್ಯಾಹ್ನ 12ಕ್ಕೆ
```

ಎಡಕ್ಕಿರುವ ತೂಬು, ಹಾಗಾಗಿ ನಂಬರಿನ ಜೊತೆ L, ಒಂದು ಮನೆ ಜಾಸ್ತಿ. ವಾರಗಳಲ್ಲಿ ಶುಕ್ರವಾರವೇ ಉದ್ದ, 8 ಮನೆ. ರಾತ್ರಿಯ ಜಾಗದಲ್ಲಿ ಮಧ್ಯಾಹ್ನ, ಎರಡು ಜಾಸ್ತಿ. ಗಂಟೆ ಎರಡು ಕಡೆಯೂ ಎರಡಂಕಿ. ಎಲ್ಲ ಕೂಡಿ 71. ಒಂದೇ ಒಂದು ಮನೆ ಮೀರಿದ್ದಕ್ಕೆ ಮಿತಿ 70ರಿಂದ 67ಕ್ಕೆ ಇಳಿದು, ಉಳಿದ ನಾಲ್ಕು ಮನೆಯ ‘ಕ್ಕೆ’ ಬೇರೆ ಎಸ್ಸೆಮ್ಮೆಸ್ ಆಗಿ ಹೊರಟಿತ್ತು. ನಾನು ಮಂಗಳವಾರ ರಾತ್ರಿಯ ಉದಾಹರಣೆ ಒಂದನ್ನೇ ಎಣಿಸಿ ಕೈತೊಳೆದುಕೊಂಡಿದ್ದೆ. ಎಣಿಸಬೇಕಾದದ್ದು ಅತಿ ಉದ್ದದ ವಾರ, ಅತಿ ಉದ್ದದ ಹೊತ್ತು, ಅತಿ ಉದ್ದದ ತೂಬು ಎಲ್ಲ ಒಟ್ಟಿಗೆ ಬಂದಾಗಿನದು. ಈಗ ಸ್ಕ್ರಿಪ್ಟ್ ಶುರುವಾಗುವಾಗಲೇ ಎಲ್ಲ ತೂಬು, ಎಲ್ಲ ವಾರ, ಎಲ್ಲ ಗಂಟೆಗಳನ್ನು ಕೂಡಿಸಿ ನೋಡುತ್ತದೆ, ಒಂದಾದರೂ ಎರಡು ತುಂಡಾದರೆ ಮುಂದೆ ಹೋಗುವುದೇ ಇಲ್ಲ. ‘ಕ್ಕೆ’ ತೆಗೆದೆ, 67 ಆಯಿತು. ಭಾನುವಾರ ರವಿವಾರವಾಗಿ 66.

ಇನ್ನೊಂದು ತಪ್ಪು ಎಣಿಕೆಯದಲ್ಲ. ಬುಧವಾರ ರಾತ್ರಿ 1 ಗಂಟೆ ಎಂದು ಉತ್ತರ ಹೋಗಿತ್ತು. ಕಂಪ್ಯೂಟರಿಗೆ ಮಂಗಳವಾರ ರಾತ್ರಿ 12 ದಾಟಿದರೆ ಬುಧವಾರ. ಹೊಲಕ್ಕೆ ಹೋಗುವವನಿಗೆ ಬೆಳಕು ಹರಿಯುವ ತನಕ ಮಂಗಳವಾರ ರಾತ್ರಿಯೇ. ಆ ರೈತರು ಬುಧವಾರ ಊಟ ಮಾಡಿ, ಒಂದು ನಿದ್ದೆ ತೆಗೆದು ಹೋದರು, ಪಾಳಿ ಮುಗಿದು ಒಂದು ದಿನವಾಗಿತ್ತು. ಉದ್ದದ ಮೆಸೇಜಾದರೆ ‘ಅಂದರೆ ಮಂಗಳವಾರ ಮಲಗಿ ಎದ್ದ ಮೇಲೆ’ ಎಂದು ಬಿಡಿಸಿ ಹೇಳಬಹುದಿತ್ತು. 70 ಮನೆಯಲ್ಲಿ ಬಿಡಿಸಿ ಹೇಳುವ ಜಾಗ ಇಲ್ಲ, ಹಾಗಾಗಿ ಓದುವವನ ಲೆಕ್ಕದ ಪ್ರಕಾರವೇ ಪದ ಇಡಬೇಕು. 12ರಿಂದ 4ರ ತನಕದ ಹೊತ್ತಿಗೆ ಸ್ಕ್ರಿಪ್ಟ್ ಈಗ ಹಿಂದಿನ ದಿನದ ಹೆಸರು ಹಾಕಿ ‘ರಾತ್ರಿ’ ಎನ್ನುತ್ತದೆ.

ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದರೆ 160 ಸಿಗುತ್ತಲ್ಲ ಎಂದು ಸಂಘದ ಹುಡುಗರು ಹೇಳಿದರು. ನಿಜ, ಅವರಿಗೆ ಓದಲೂ ಸಲೀಸು. ಆದರೆ ಮನೆಯಲ್ಲಿ ಫೋನು ಇಟ್ಟುಕೊಂಡಿರುವ ಹೆಂಗಸರು, ಹಿರಿಯರು ಅದನ್ನು ಓದಲು ಮೊಮ್ಮಗನನ್ನು ಕರೆಯಬೇಕು, ರಾತ್ರಿ ಹೊಲದಲ್ಲಿ ಮೊಮ್ಮಗ ಎಲ್ಲಿ. ನಂಬರಿನ ಮುಂದೆ E ಸೇರಿಸಿ ಕೇಳಿದವರಿಗೆ ಮಾತ್ರ ಹಾಗೆ ಕಳಿಸುತ್ತೇವೆ. ಅಲ್ಲೂ ಒಮ್ಮೆ ಎಡವಿದೆವು: ಯಾರೋ ವರ್ಡ್‌ನಿಂದ ನಕಲು ಮಾಡಿದ ಸಾಲಿನಲ್ಲಿ ಒಂದು ಉದ್ದ ಅಡ್ಡಗೆರೆ ಬಂದಿತ್ತು. ಅದು 7 ಬಿಟ್ ಪಟ್ಟಿಯಲ್ಲಿ ಇಲ್ಲ, ಆ ಒಂದು ಗೆರೆಯಿಂದ ಇಡೀ ಮೆಸೇಜು 16 ಬಿಟ್‌ಗೆ ತಿರುಗಿ ಮಿತಿ ಮತ್ತೆ 70. ₹ ಗುರುತು ಹಾಕಿದರೂ ಅದೇ ಕಥೆ, Rs ಎಂದು ಬರೆಯುವುದೇ ವಾಸಿ. ಕನ್ನಡಕ್ಕೇ 7 ಬಿಟ್ ಪಟ್ಟಿ ಮಾನದಂಡದಲ್ಲಿ ಇದೆ, ಆದರೆ ಕಳಿಸುವ ಫೋನು, ಪಡೆಯುವ ಫೋನು ಎರಡಕ್ಕೂ ಅದು ಬರಬೇಕು. ಅದನ್ನು ನಂಬಿ ನಾನು ಕೆಲಸಕ್ಕೆ ಇಳಿಯಲಿಲ್ಲ.

ಪಾಳಿ ಇನ್ನೂ ನಿಕ್ಕಿಯಾಗದಿದ್ದರೆ ಮೊದಲು ಉತ್ತರವನ್ನೇ ಕಳಿಸುತ್ತಿರಲಿಲ್ಲ. ಜನ ಮತ್ತೆ ಮತ್ತೆ ಕೇಳುತ್ತಿದ್ದರು. ಈಗ ಇದು ಹೋಗುತ್ತದೆ:

```
ತೂಬು 12: ಪಾಳಿ ಇನ್ನೂ ಗೊತ್ತಿಲ್ಲ. ಸಂಜೆ 6ರ ಮೇಲೆ ಮತ್ತೆ ಕೇಳಿ
```

54 ಮನೆ. ‘ಸಂಜೆ 6’ ಹಾಕಿದ ಮೇಲೆ ಹಗಲಲ್ಲಿ ಎರಡೆರಡು ಸಲ ಕೇಳುವುದು ನಿಂತಿತು, ಸಂಜೆ 6 ಕಾಲಿಗೆ ಮಾತ್ರ ಫೋನು ಬಿಸಿ ಏರುತ್ತದೆ.

‘ನೀರಿಲ್ಲ’ ಹೋದ ಮೇಲೆ ತಿರುಗಿ ಬರುವ ಮೆಸೇಜು ಹೆಚ್ಚಾಗಿ ಒಂದೇ ಪದ: ‘ಯಾಕ’. ಮೇಲೆ ಗೇಜು ಇಳಿದಿದೆಯಾ, ಯಾರಾದರೂ ನಡುವೆ ತೂಬು ಒಡೆದಿದ್ದಾರಾ, ರಿಪೇರಿಯಾ, ಇದನ್ನು 70 ಮನೆಯಲ್ಲಿ ಹೇಳಲು ಹೋದರೆ ಅರ್ಧ ಹೇಳಿದ ಹಾಗಾಗಿ ಜಗಳಕ್ಕೇ ದಾರಿ. ಅದಕ್ಕೆ ‘ಕಾರಣ ಆಫೀಸಿನ ಬೋರ್ಡಿನಲ್ಲಿದೆ’ ಎಂದಷ್ಟೇ ಉತ್ತರ. ಬೋರ್ಡು ಬರೆಯುವುದು ಕಾರ್ಯದರ್ಶಿಯವರೇ. ದಿನಾ ಬೆಳಿಗ್ಗೆ ಸೀಮೆಸುಣ್ಣ ಹಿಡಿದು ‘ಮಾನ್ಯ ರೈತ ಬಾಂಧವರೇ’ ಎಂದು ದೊಡ್ಡದಾಗಿ ಶುರು ಮಾಡುತ್ತಾರೆ, ಕೊನೆಗೆ ‘ದಯವಿಟ್ಟು ಸಹಕರಿಸಿ’, ಕೆಳಗೆ ಸಹಿ.